ಟ್ಯೂಷನ್ನಿಗೆ ಹೋಗುವವರ ವಾರದ ವೇಳಾಪಟ್ಟಿ
(ಸುಳ್ಳದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)

 

ಸುಳ್ಳದಿಂದ ಹುಬ್ಬಳ್ಳಿಗೆ ಟ್ಯೂಷನ್ನಿಗೆ ಹೋಗುತ್ತಿದ್ದ ಒಬ್ಬ ವಿದ್ಯಾರ್ಥಿನಿ ತನ್ನ ವೇಳಾಪಟ್ಟಿಯನ್ನು ನನಗೆ ತೋರಿಸಿದ್ದಳು. ಕೆಂಪು, ಹಸಿರು ಪೆನ್ನಿನಲ್ಲಿ ಬಹಳ ಚಂದಾಗಿ ಬರೆದಿದ್ದಳು. ದಿನಕ್ಕೆ 5 ಗಂಟೆಯಂತೆ ವಾರಕ್ಕೆ 35 ಗಂಟೆ ಓದು. ಮೂರನೆಯ ದಿನವೇ ಅದು ತಪ್ಪಿತು. ಹುಡುಗಿ ಸೋಮಾರಿಯಲ್ಲ. ಆ 35 ಗಂಟೆ ಅವಳ ವಾರದಲ್ಲಿ ಇರಲೇ ಇಲ್ಲ.

ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಶಾಲೆ ಬಿಟ್ಟ ಮೇಲೆ ಬಸ್ಸು, ಸಂಜೆ ಐದೂವರೆಯಿಂದ ಏಳರವರೆಗೆ ಟ್ಯೂಷನ್, ಮತ್ತೆ ಬಸ್ಸು. ಮನೆ ಮುಟ್ಟುವಾಗ ಎಂಟು. ಇಶಾ ನಮಾಜು, ಊಟ ಮುಗಿದರೆ ಎಂಟೂ ಮುಕ್ಕಾಲು. ಅಲ್ಲಿಂದ ಹತ್ತೂಕಾಲಿನವರೆಗೆ ಒಂದೂವರೆ ಗಂಟೆ, ಬೆಳಿಗ್ಗೆ ಫಜರ್ ನಂತರ ಒಂದು ಗಂಟೆ. ಹೀಗೆ ಐದು ದಿನಕ್ಕೆ ಹನ್ನೆರಡೂವರೆ ಗಂಟೆ, ಶನಿವಾರ ಮೂರೂವರೆ, ಭಾನುವಾರ ನಾಲ್ಕು. ಒಟ್ಟು 20. ನೀವೂ ಮೊದಲು ಈ ಲೆಕ್ಕವನ್ನೇ ಮಾಡಿರಿ. ಟ್ಯೂಷನ್ನಿನಲ್ಲಿ ಕುಳಿತ ಸಮಯವನ್ನು ಓದಿನ ಗಂಟೆಗಳಲ್ಲಿ ಸೇರಿಸಬೇಡಿರಿ. ಅಲ್ಲಿ ಲೆಕ್ಕ ಬಿಡಿಸುವವರು ಗುರುಗಳು, ನೀವು ನೋಡುವವರು.

ಇದರ ಪರೀಕ್ಷೆ ಅದೇ ರಾತ್ರಿ ಆಗುತ್ತದೆ. ಮನೆಗೆ ಬಂದು ಟ್ಯೂಷನ್ ನೋಟ್‌ಬುಕ್ ಮುಚ್ಚಿಟ್ಟು, ಅಂದು ಹೇಳಿಕೊಟ್ಟ ಎರಡು ಲೆಕ್ಕಗಳನ್ನು ಖಾಲಿ ಹಾಳೆಯ ಮೇಲೆ ಬಿಡಿಸಿರಿ. ಇದಕ್ಕೆ ಅರ್ಧ ಗಂಟೆ ಸಾಕು. ಆ ಹುಡುಗಿ ಹಾಗೆ ಕುಳಿತ ಮೊದಲ ರಾತ್ರಿ x² + x − 12 = 0 ಎಂಬ ಸುಲಭದ ಸಮೀಕರಣದಲ್ಲೇ ಎಡವಿದಳು. ಮಧ್ಯದ ಪದವನ್ನು 4x − 3x ಎಂದು ಒಡೆಯುವ ಬದಲು 3x − 4x ಎಂದು ಬರೆದಿದ್ದಳು. ಅದನ್ನು ಕೂಡಿಸಿದರೆ x ಬರುವುದಿಲ್ಲ, −x ಬರುತ್ತದೆ. ಬೋರ್ಡಿನ ಮೇಲೆ ನೋಡಿದಾಗ ಎಲ್ಲಾ ತಿಳಿದಂತೆ ಇತ್ತು. ಸಿಕ್ಕಿಬಿದ್ದ ಸಾಲಿಗೆ ಒಂದು ಸುತ್ತು ಹಾಕಿ, ಮರುದಿನ ಆ ಸಾಲನ್ನೇ ತೋರಿಸಿ ಕೇಳಿರಿ. "ಸರ್, ಈ ಪಾಠ ತಿಳಿಯಲಿಲ್ಲ" ಎಂದರೆ ಅವರು ಪಾಠವನ್ನೆಲ್ಲ ಮತ್ತೆ ಹೇಳುತ್ತಾರೆ, ನಿಮ್ಮ ತಪ್ಪು ಅಲ್ಲೇ ಉಳಿಯುತ್ತದೆ. ರಾತ್ರಿಯ ಉಳಿದ ಒಂದು ಗಂಟೆ ಶಾಲೆಯ ಪಾಠಕ್ಕೆ ಮತ್ತು ಹೋಮ್‌ವರ್ಕಿಗೆ.

ಇನ್ನು ಬೆಳಗಿನ ಗಂಟೆ. ಇದನ್ನು ಟ್ಯೂಷನ್ ಇಲ್ಲದ ವಿಷಯಗಳಿಗೇ ಕೊಡಿರಿ. ಗಣಿತ, ವಿಜ್ಞಾನಗಳನ್ನು ಕೇಳುವವರು ಎರಡು ಕಡೆ ಇದ್ದಾರೆ. ಸಮಾಜ ವಿಜ್ಞಾನವನ್ನೂ ಭಾಷೆಗಳನ್ನೂ ಕೇಳುವವರು ಕಡಿಮೆ, ಆದ್ದರಿಂದ ಅವು ವಾರದಿಂದಲೇ ಜಾರಿಹೋಗುತ್ತವೆ. ಸೋಮವಾರ ಮತ್ತು ಗುರುವಾರ ಸಮಾಜ, ಮಂಗಳವಾರ ಉರ್ದು, ಬುಧವಾರ ಕನ್ನಡ, ಶುಕ್ರವಾರ ಇಂಗ್ಲಿಷ್ ಎಂದು ಇಟ್ಟೆವು. ಉರ್ದು ಏಕೆ ಎಂದು ಅವಳ ಅಮ್ಮಿಯೇ ಕೇಳಿದರು, ಮನೆಮಾತಲ್ಲವೇ ಎಂದು. ಪ್ರಥಮ ಭಾಷೆಯ ಲಿಖಿತ ಪತ್ರಿಕೆ 100 ಅಂಕದ್ದು, ಗಣಿತದ್ದು 80. ಅಲ್ಲದೆ ನಾವು ಮನೆಯಲ್ಲಿ ಆಡುವುದು ದಖನಿ, ಪುಸ್ತಕದ ಉರ್ದು ಬೇರೆ. ಸೇ, ಸೀನ್, ಸ್ವಾದ್ ಈ ಮೂರೂ ನಮ್ಮ ಬಾಯಲ್ಲಿ ಒಂದೇ. ಬರೆಯುವಾಗ ಒಂದರ ಬದಲು ಇನ್ನೊಂದು ಬಂದರೆ ಇಮ್ಲಾ ತಪ್ಪು. ಹತ್ತು ಶಬ್ದಗಳನ್ನು ಯಾರಾದರೂ ಹೇಳಲಿ, ನೀವು ಬರೆಯಿರಿ. ಓದುವುದರಿಂದ ಮಾತ್ರ ಈ ತಪ್ಪು ಹೋಗುವುದಿಲ್ಲ. ಕನ್ನಡದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಕಥೆಯೂ ಇದೇ.

ಶನಿವಾರ ಮಧ್ಯಾಹ್ನದ ಎರಡು ಗಂಟೆಯನ್ನು ಖಾಲಿ ಬಿಡಿರಿ. ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಆದರೆ ಬಸ್ಸು ತಪ್ಪಿದ ದಿನ, ಮನೆಗೆ ನೆಂಟರು ಬಂದ ದಿನ, ಹೊಲದಲ್ಲಿ ಕಡಲೆ ಒಕ್ಕಣೆಗೆ ಕೈ ಬೇಕಾದ ದಿನ ತಪ್ಪಿದ್ದನ್ನು ತುಂಬಲು ಜಾಗ ಬೇಕು. ಆ ಜಾಗವಿಲ್ಲದಿದ್ದರೆ ಸೋಮವಾರದ ಬಾಕಿ ಮಂಗಳವಾರಕ್ಕೆ ಏರಿ, ಗುರುವಾರದ ಹೊತ್ತಿಗೆ ಪಟ್ಟಿಯೇ ಮೂಲೆಗೆ ಬೀಳುತ್ತದೆ. ಎರಡು ಗಂಟೆಯೂ ಸಾಲದೆ ಪ್ರತಿ ವಾರ ಬಾಕಿ ಉಳಿಯುತ್ತಿದ್ದರೆ ಪಟ್ಟಿ ಭಾರವಾಗಿದೆ ಎಂದೇ ತಿಳಿಯಿರಿ. ಶನಿವಾರ ರಾತ್ರಿ ಒಂದೂವರೆ ಗಂಟೆ ವಿಜ್ಞಾನದ ಚಿತ್ರಗಳಿಗೆ, ಸಮಾಜದ ನಕಾಶೆಗಳಿಗೆ ಇರಲಿ.

ಭಾನುವಾರ ಬೆಳಿಗ್ಗೆ ಒಂದು ಹಳೆಯ ಪ್ರಶ್ನೆಪತ್ರಿಕೆ. ಗಣಿತಕ್ಕೆ ಪ್ರಶ್ನೆ ಓದುವ 15 ನಿಮಿಷ ಸೇರಿ 3 ಗಂಟೆ 15 ನಿಮಿಷ. ಗಡಿಯಾರ ಎದುರಿಗಿಟ್ಟು, ನಡುವೆ ಏಳದೆ ಬರೆಯಿರಿ. ಉಳಿದ ಮುಕ್ಕಾಲು ಗಂಟೆಯಲ್ಲಿ ಬೇರೆ ಬಣ್ಣದ ಪೆನ್ನಿನಿಂದ ನೀವೇ ತಿದ್ದಿರಿ. ಮುಂದಿನ ವಾರ ಯಾವ ಪಾಠ ಓದಬೇಕೆಂಬುದನ್ನು ಆ ಬಣ್ಣವೇ ತೋರಿಸುತ್ತದೆ.

ರಮಜಾನ್ ಬಗ್ಗೆ ಒಂದು ಮಾತು. 2026ರಲ್ಲಿ ಅದು ಫೆಬ್ರವರಿಯಲ್ಲೇ ಶುರುವಾಯಿತು, ಮಾರ್ಚಿನಲ್ಲಿ ಪರೀಕ್ಷೆ ಬಂತು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿದರೂ ಮುಂದಿನ ವರ್ಷಗಳಲ್ಲೂ ಅದು ಓದಿನ ದಿನಗಳಲ್ಲೇ ಬರುತ್ತದೆ. ಏಳರವರೆಗಿನ ಟ್ಯೂಷನ್ನು ಇಫ್ತಾರಿಗೆ ಅಡ್ಡ ಬರುತ್ತದೆ. ಬೇರೆ ಬ್ಯಾಚ್ ಇದೆಯೇ ಎಂದು ಜನವರಿಯಲ್ಲೇ ಕೇಳಿಡಿರಿ. ತರಾವೀಹ್ ಆದ ಮೇಲೆ ಹೊಸ ಪಾಠ ತಲೆಗೆ ಹತ್ತುವುದಿಲ್ಲ. ಆಗ ಆ ಮುಚ್ಚಿದ ನೋಟ್‌ಬುಕ್ಕಿನ ಅರ್ಧ ಗಂಟೆಯೊಂದನ್ನೇ ರಾತ್ರಿಗೆ ಉಳಿಸಿಕೊಂಡು, ಉಳಿದ ಓದನ್ನು ಸಹರಿ ಮತ್ತು ಫಜರ್ ನಂತರಕ್ಕೆ ತನ್ನಿರಿ. ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಆ ಹೊತ್ತಿನಲ್ಲಿ ಅಡುಗೆಮನೆಯಿಂದ ಮಕ್ಕಳನ್ನು ಕರೆಯಬೇಡಿರಿ.