ಒಂದು ಕೋನ, ಎರಡು ರೇಖೆಗಳು



ಕಾಂಪ್ಟನ್ ಪರಿಣಾಮವನ್ನು ನಾವು ತರಗತಿಯಲ್ಲಿ ಸೂತ್ರ ಬರೆಸಿ, ಒಂದೆರಡು ಲೆಕ್ಕ ಮಾಡಿಸಿ ಮುಗಿಸಿಬಿಡುತ್ತೇವೆ. ಆರ್ಥರ್ ಕಾಂಪ್ಟನ್ 1923ರಲ್ಲಿ ಪ್ರಕಟಿಸಿದ ನಕ್ಷೆಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ಅಪರೂಪ. ಇವತ್ತು ಅಲ್ಲಿಂದಲೇ ಹೊರಡೋಣ.

ಮಾಲಿಬ್ಡಿನಮ್‌ನಿಂದ ಹೊರಟ 71 ಪಿಕೊಮೀಟರ್ ತರಂಗಾಂತರದ ಎಕ್ಸ್-ಕಿರಣ ಗ್ರ್ಯಾಫೈಟ್ ಮೇಲೆ ಬಿತ್ತು. ಚದುರಿದ ಕಿರಣವನ್ನು ಅವರು ಕ್ಯಾಲ್ಸೈಟ್ ಹರಳಿನಿಂದ ಅಳೆದರು. 90 ಡಿಗ್ರಿಯಲ್ಲಿ ಎರಡು ಶಿಖರಗಳು ಕಂಡವು: ಒಂದು 71ರಲ್ಲೇ, ಇನ್ನೊಂದು ಸುಮಾರು 73.4ರಲ್ಲಿ. ಹಳೆಯ ತರಂಗವಾದದ ಪ್ರಕಾರ ಎಲೆಕ್ಟ್ರಾನು ಬಂದ ಅಲೆಯ ಆವರ್ತಾಂಕದಲ್ಲೇ ಕಂಪಿಸಿ ಅದೇ ತರಂಗಾಂತರವನ್ನು ಹೊರಸೂಸಬೇಕು. ಎರಡನೆಯ ಶಿಖರಕ್ಕೆ ಅಲ್ಲಿ ಜಾಗವಿಲ್ಲ.

90 ಡಿಗ್ರಿಯಲ್ಲಿ ಲೆಕ್ಕ ಬಹಳ ಸುಲಭ. ಬಂದ ಫೋಟಾನಿನ ಶಕ್ತಿ E, ಹೋದದ್ದರದು E′. ಅವುಗಳ ಸಂವೇಗಗಳು ಪರಸ್ಪರ ಲಂಬವಾಗಿರುವುದರಿಂದ, ನಿಂತಿದ್ದ ಎಲೆಕ್ಟ್ರಾನಿಗೆ ಸಿಕ್ಕ ಸಂವೇಗ p ಲಂಬಕೋನ ತ್ರಿಭುಜದ ಕರ್ಣವಾಗುತ್ತದೆ:

p²c² = E² + E′²

ಶಕ್ತಿ ಸಂರಕ್ಷಣೆಯಿಂದ:

(E − E′ + mc²)² = p²c² + m²c⁴

ಮೊದಲನೆಯದನ್ನು ಎರಡನೆಯದರಲ್ಲಿ ಹಾಕಿ ಬಿಡಿಸಿದರೆ ವರ್ಗಗಳೆಲ್ಲ ಹೊಡೆದುಹೋಗಿ (E − E′)mc² = EE′ ಉಳಿಯುತ್ತದೆ. E = hc/λ ಎಂದಿಟ್ಟರೆ:

λ′ − λ = h/mc = 2.43 ಪಿಕೊಮೀಟರ್

ಬೇರೆ ಕೋನಗಳಲ್ಲಿ ಇದನ್ನು (1 − cos θ)ದಿಂದ ಗುಣಿಸಬೇಕು, ಅಷ್ಟೆ. ಶಕ್ತಿಯೊಂದನ್ನೇ ಹಿಡಿದರೆ E′ ಎಷ್ಟು ಬೇಕಾದರೂ ಇರಬಹುದು. ಅದನ್ನು ಒಂದೇ ಬೆಲೆಗೆ ಕಟ್ಟಿಹಾಕುವುದು ಸಂವೇಗ.

ಹಾಗಾದರೆ 71ರಲ್ಲೇ ಉಳಿದ ಶಿಖರ ಯಾವುದು? ಉತ್ತರ ಅದೇ ಸೂತ್ರದ m ಒಳಗಿದೆ. ಮೇಲಿನ ಡಿಕ್ಕಿಯಲ್ಲಿ ಎಲೆಕ್ಟ್ರಾನಿಗೆ ಸಿಗುವುದು ಸುಮಾರು 580 ಎಲೆಕ್ಟ್ರಾನ್-ವೋಲ್ಟ್. ಕಾರ್ಬನ್ನಿನ ಹೊರಕವಚದ ಎಲೆಕ್ಟ್ರಾನಿಗೆ ಬಿಡಿಸಿಕೊಳ್ಳಲು ಹತ್ತಾರು ಸಾಕು. ಒಳಕವಚದ್ದಕ್ಕೆ 280ಕ್ಕೂ ಹೆಚ್ಚು ಬೇಕು. ಎಲೆಕ್ಟ್ರಾನು ಕಳಚಿಕೊಳ್ಳದೆ ಉಳಿದಾಗ ಹಿಮ್ಮೆಟ್ಟುವುದು ಇಡೀ ಪರಮಾಣು. ಅದರ ರಾಶಿ ಎಲೆಕ್ಟ್ರಾನಿನ 22,000 ಪಟ್ಟು, ಆದ್ದರಿಂದ ಸರಿತ 2.43ರ 22,000ದಲ್ಲಿ ಒಂದು ಪಾಲು. ಅದನ್ನು ಯಾವ ಹರಳೂ ಗುರುತಿಸಲಾರದು. ನನಗಂತೂ ಸರಿದ ರೇಖೆಗಿಂತ ಸರಿಯದ ಈ ರೇಖೆಯೇ ಹೆಚ್ಚು ಕಲಿಸಿದೆ: ‘ಮುಕ್ತ ಎಲೆಕ್ಟ್ರಾನ್’ ಎಂಬ ನಮ್ಮ ಊಹೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಸರಿದ ಶಿಖರವೂ ಅಗಲವಾಗಿರುತ್ತದೆ. ಅದನ್ನು ಉಪಕರಣದ ದೋಷವೆಂದೇ ಬಗೆಯಬಾರದು. ಎಲೆಕ್ಟ್ರಾನು ಪರಮಾಣುವಿನೊಳಗೆ ಮೊದಲೇ ಚಲಿಸುತ್ತಿತ್ತು, ನಾವು ಅದನ್ನು ನಿಂತಿದೆ ಎಂದು ಭಾವಿಸಿದ್ದೆವು. ಆ ಅಗಲದಿಂದಲೇ ಇವತ್ತು ಘನವಸ್ತುಗಳೊಳಗಿನ ಎಲೆಕ್ಟ್ರಾನುಗಳ ಸಂವೇಗವನ್ನು ಅಳೆಯುತ್ತಾರೆ.

ನಮ್ಮ ಸ್ನಾತಕೋತ್ತರ ಪ್ರಯೋಗಾಲಯಗಳಲ್ಲಿ ಬಳಸುವುದು ಹೆಚ್ಚಾಗಿ ಸೀಸಿಯಮ್-137ರ 662 ಕಿಲೋ ಎಲೆಕ್ಟ್ರಾನ್-ವೋಲ್ಟ್ ಗಾಮಾ ಕಿರಣ. 90 ಡಿಗ್ರಿಯಲ್ಲಿ ಅದು 288ಕ್ಕೆ ಇಳಿಯುತ್ತದೆ, ಸೂತ್ರ ಸೊಗಸಾಗಿ ಹೊಂದುತ್ತದೆ. ಆದರೆ ಅಷ್ಟು ಶಕ್ತಿಯ ಮುಂದೆ ಬಂಧನ ಲೆಕ್ಕಕ್ಕೇ ಬಾರದು, ಸರಿಯದ ರೇಖೆ ಕಾಣಿಸುವುದೂ ಇಲ್ಲ. ಅದನ್ನು ನೋಡಬೇಕಾದರೆ ಮಾಲಿಬ್ಡಿನಮ್ ನಳಿಕೆಗೇ ಮರಳಬೇಕು. ಅದನ್ನು ನಮ್ಮ ಕಾಲೇಜುಗಳಲ್ಲಿ ಮಾಡುವುದು ಹೇಗೆ ಎಂಬುದನ್ನು ಈ ಸಂಕಿರಣದಲ್ಲಿ ಮೊದಲು ಚರ್ಚಿಸಬೇಕೆಂದು ಕೋರುತ್ತೇನೆ.