ಒಂದು ಸ್ಟೇಟಸ್ ಮೇಲ್, ಮೂರು ಕಾಲ

ಪುಣೆಯಲ್ಲಿ ನನ್ನ ಟೀಮಿನ ಒಬ್ಬ ಹುಡುಗಿ, ಹುಬ್ಬಳ್ಳಿಯವಳು, ಕ್ಲೈಂಟಿಗೆ ಕಳಿಸೋ ಸ್ಟೇಟಸ್ ಮೇಲ್ ಬರೆದು ನನಗೆ ತೋರಿಸಿದಳು:

"ಯೆಸ್ಟರ್‌ಡೇ ವಿ ಹ್ಯಾವ್ ಡಿಪ್ಲಾಯ್ಡ್ ದ ಪ್ಯಾಚ್ ಆನ್ ಸ್ಟೇಜಿಂಗ್. ಕ್ಯೂಎ ಈಸ್ ಟೆಸ್ಟಿಂಗ್ ಅಂಡ್ ಫೌಂಡ್ ಟು ಇಶ್ಯೂಸ್. ಐ ಫಿಕ್ಸ್ ದ ಟೈಮ್‌ಔಟ್ ಇಶ್ಯೂ ಟುಡೇ. ಕ್ಲೈಂಟ್ ಟೀಮ್ ಡಿಡ್ ನಾಟ್ ಗಿವ್ ಡಿಬಿ ಆಕ್ಸೆಸ್."

ಕಾಲ ಕಲಸುಮೇಲೋಗರ ಆಗಿದೆ ಅಂತ ನಾನು ಎಲ್ಲವನ್ನೂ ಭೂತಕಾಲಕ್ಕೆ ತಂದೆ. "ಫಿಕ್ಸ್" ಹೋಗಿ "ಫಿಕ್ಸ್ಡ್" ಆಯ್ತು. ಮೇಲ್ ಹೋದ ಅರ್ಧ ಗಂಟೆಯಲ್ಲಿ ಕ್ಲೈಂಟ್ ಉತ್ತರ ಬಂತು: ಹಾಗಾದ್ರೆ ಇವತ್ತು ರಾತ್ರಿನೇ ಪ್ರೊಡಕ್ಷನ್‌ಗೆ ಹಾಕಿ. ಅವಳು ಓಡಿ ಬಂದಳು. "ಸರ್, ನಾ ಇವತ್ತ ಮಾಡ್ತೀನಿ ಅಂತ ಬರದಿದ್ದೆ, ಮುಗಿಸೀನಿ ಅಂತ ಅಲ್ಲ!"

ಅವಳ ತಪ್ಪು ಎಲ್ಲಿಂದ ಬಂತು ನೋಡಿ. ಕನ್ನಡದ "ಮಾಡ್ತೀನಿ" ದಿನಾ ಮಾಡೋದಕ್ಕೂ ಆಗುತ್ತೆ, ನಾಳೆ ಮಾಡೋದಕ್ಕೂ ಆಗುತ್ತೆ. ಅದನ್ನೇ ಇಂಗ್ಲಿಷಿಗೆ ತಂದರೆ "ಐ ಫಿಕ್ಸ್". ಹಾಗೇ "ನಿನ್ನೆ ಮಾಡಿದೀನಿ" ನಮಗೆ ಸರಿ. ಇಂಗ್ಲಿಷಿನಲ್ಲಿ "ಯೆಸ್ಟರ್‌ಡೇ" ಇದ್ದರೆ "ಹ್ಯಾವ್" ನಿಲ್ಲಲ್ಲ. ಇದು ಹಿಂದಿ ಮಾತಾಡೋರಲ್ಲೂ ನೋಡಿದೀನಿ, ನಮ್ಮದೊಂದೇ ರೋಗ ಅಲ್ಲ.

ಆಮೇಲಿಂದ ನಾನು ಮಾಡೋದು ಇಷ್ಟು. ಪ್ರತಿ ಕ್ರಿಯಾಪದಕ್ಕೂ ಕನ್ನಡದಲ್ಲಿ ಕೇಳ್ತೀನಿ: ಸೆಂಡ್ ಒತ್ತೋ ಹೊತ್ತಿಗೆ ಇದು ಮುಗಿದಿದೆಯಾ, ನಡೀತಾ ಇದೆಯಾ, ಇನ್ನೂ ಮಾಡಬೇಕಾ? ಇಡೀ ಮೇಲ್‌ಗೆ ಒಂದೇ ಕಾಲ ಬೇಕಿಲ್ಲ, ಯಾಕಂದ್ರೆ ಕೆಲಸಗಳೇ ಒಂದೇ ಹಂತದಲ್ಲಿ ಇರಲ್ಲ.

ಅವಳ ಮೊದಲ ಸಾಲಲ್ಲಿ "ಹ್ಯಾವ್" ತೆಗೆದರೆ ಸಾಕು. ಎರಡನೇದರಲ್ಲಿ ಟೆಸ್ಟಿಂಗ್ ನಡೀತಾ ಇದೆ, ಇಶ್ಯೂ ಆಗಲೇ ಸಿಕ್ಕಿವೆ. ಎರಡು ಕಾಲ ಇರಲೇಬೇಕು. "ಅಂಡ್ ಹ್ಯಾಸ್ ಫೌಂಡ್ ಟು ಇಶ್ಯೂಸ್ ಸೋ ಫಾರ್" ಅಂದ್ರೆ ಇನ್ನೂ ಸಿಗಬಹುದು ಅನ್ನೋದೂ ಗೊತ್ತಾಗುತ್ತೆ. ಆದರೆ "ಸೋ ಫಾರ್" ನನ್ನ ಸೇರ್ಪಡೆ, ಅದಕ್ಕೆ ಅವಳ ಒಪ್ಪಿಗೆ ಬೇಕು. ಮೂರನೇದು "ಐ ವಿಲ್ ಫಿಕ್ಸ್". ಕೈಹಾಕಿದ್ದರೆ "ಐ ಆಮ್ ಫಿಕ್ಸಿಂಗ್", ಆದ್ರೆ ಅವಳು ಇನ್ನೂ ಶುರು ಮಾಡಿರಲಿಲ್ಲ.

ನಾಲ್ಕನೇ ಸಾಲು ಎಲ್ಲಕ್ಕಿಂತ ಕಷ್ಟ, ಯಾಕಂದ್ರೆ ವ್ಯಾಕರಣದಲ್ಲಿ ತಪ್ಪೇ ಇಲ್ಲ. "ಡಿಡ್ ನಾಟ್ ಗಿವ್" ಅಂದ್ರೆ ಆಗ ಕೊಡಲಿಲ್ಲ. ಈಗ ಕೊಟ್ಟಿದಾರಾ? ಮೇಲ್ ಓದಿ ಹೇಳಕ್ಕಾಗಲ್ಲ. ಇನ್ನೂ ಬಾಕಿ ಇದ್ದರೆ "ಹ್ಯಾಸ್ ನಾಟ್ ಗಿವನ್ ಯೆಟ್". ಕೊಟ್ಟಾಗಿದ್ದರೆ "ಗೇವ್ ಆಕ್ಸೆಸ್ ಓನ್ಲಿ ದಿಸ್ ಮಾರ್ನಿಂಗ್" ಥರ ಏನೋ. ಕೇಳಿದೆ. "ಬೆಳಿಗ್ಗೆನ ಕೊಟ್ಟಾರ ಸರ್," ಅಂದಳು. ನಾನು ಊಹೆ ಮಾಡಿ "ಯೆಟ್" ಹಾಕಿದ್ದರೆ, ಆಕ್ಸೆಸ್ ಕೊಟ್ಟವರ ಮೇಲೇ ದೂರು ಹೇಳಿದ ಹಾಗಾಗ್ತಿತ್ತು.

ಅವತ್ತು ರಾತ್ರಿ ಪ್ರೊಡಕ್ಷನ್‌ಗೆ ಏನೂ ಹೋಗಲಿಲ್ಲ. ತಿದ್ದುಪಡಿ ಮೇಲ್ ನನ್ನ ಹೆಸರಲ್ಲೇ ಹೋಯ್ತು.