‘ತೂಕ’ ಅಂತ ಬರೆದ್ರೆ ಮಾಸಾ, ವೆಯ್ಟಾ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಈಗ ಪಿಯು ಸೈನ್ಸ್ ಕ್ಲಾಸಲ್ಲಿ ಕೂತು ಇಂಗ್ಲಿಷ್ ಪಾಠ ಕೇಳ್ತಿರೋರಿಗೆ ಇವತ್ತಿನ ಮಾತು. ನೋಟ್ಸ್‌ನಲ್ಲಿ ವಿವರಣೆ ಕನ್ನಡದಲ್ಲಿರಲಿ, ಟರ್ಮ್ ಮಾತ್ರ ಇಂಗ್ಲಿಷ್‌ನಲ್ಲೇ ಇರಲಿ. ಯಾಕೆ ಅಂತ ಒಂದು ಉದಾಹರಣೆ ತಗೊಂಡು ನೋಡೋಣ.

ಫಿಸಿಕ್ಸ್‌ನಲ್ಲಿ ಮಾಸ್ ಬೇರೆ, ವೆಯ್ಟ್ ಬೇರೆ. ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ದ್ರವ್ಯರಾಶಿ, ತೂಕ ಅಂತ ಬೇರೆಬೇರೆ ಹೆಸರಲ್ಲೇ ಓದಿದ್ದೀರಿ. ಆದ್ರೆ ಆಲೆಮನೆಯಲ್ಲಿ ಬೆಲ್ಲ ತೂಗೋವಾಗ ದ್ರವ್ಯರಾಶಿ ಅಂತ ಯಾರು ಕೇಳ್ತಾರೆ? ಎಲ್ಲಾನೂ ತೂಕವೇ. ಕ್ಲಾಸಲ್ಲಿ ಆತುರದಲ್ಲಿ ಎರಡಕ್ಕೂ ‘ತೂಕ’ ಅಂತ ಗೀಚಿದ್ರೆ, ತಿಂಗಳಾದ ಮೇಲೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗಲ್ಲ.

ಅದಕ್ಕೆ ಹಾಳೆ ಮಧ್ಯ ಒಂದು ಗೆರೆ ಎಳೀರಿ. ಕ್ಲಾಸಲ್ಲಿ ಎಡಗಡೆ ಮಾತ್ರ ತುಂಬಿಸಿ: ಟರ್ಮು, ಫಾರ್ಮುಲಾ, ಯೂನಿಟ್ಟು. ಟರ್ಮನ್ನ ಇಂಗ್ಲಿಷ್ ಅಕ್ಷರದಲ್ಲೇ ಬರೀರಿ, ಪರೀಕ್ಷೆಯಲ್ಲಿ ಸ್ಪೆಲ್ಲಿಂಗ್ ಬೇಕಲ್ಲ. ಬಲಗಡೆ ಖಾಲಿ ಬಿಡಿ. ಅದನ್ನ ಅವತ್ತು ಸಂಜೆನೇ, ಪಾಠ ಕಿವಿಯಲ್ಲಿ ಇನ್ನೂ ಇರೋವಾಗ, ಕನ್ನಡದಲ್ಲಿ ತುಂಬಿಸಿ.

ಎಡಗಡೆ W = mg ಅಂತಿದೆ ಅನ್ನಿ. ಬಲಗಡೆ ‘ವೆಯ್ಟ್ ಅಂದ್ರೆ ಗ್ರಾವಿಟಿಯಿಂದ ಆಗೋ ಫೋರ್ಸ್’ ಅಂತ ಬರೆದ್ರೆ ಸಾಲದು. ಅದು ಇಂಗ್ಲಿಷ್ ವಾಕ್ಯಕ್ಕೆ ಕನ್ನಡ ಬಾಲ ಅಂಟಿಸಿದ ಹಾಗೆ, ಅಷ್ಟೇ. ಹೀಗೆ ಬರೀರಿ: ‘10 ಕೆ.ಜಿ. ಬೆಲ್ಲ ಇದೆ. ಅದರಲ್ಲಿರೋ ಬೆಲ್ಲ ಎಷ್ಟು ಅನ್ನೋದು ಮಾಸ್, ಅಂದ್ರೆ 10 ಕೆ.ಜಿ. ಭೂಮಿ ಅದನ್ನ ಎಷ್ಟು ಜೋರಾಗಿ ಕೆಳಕ್ಕೆ ಎಳೀತಿದೆ ಅನ್ನೋದು ವೆಯ್ಟ್. 10 × 9.8, ಅಂದ್ರೆ 98 ನ್ಯೂಟನ್.’

ಅರ್ಥ ಆಗಿದೆಯಾ ಅಂತ ನೋಡೋಕೆ ಜಾಗ ಬದಲಾಯಿಸಿ. ಅದೇ ಬೆಲ್ಲನ ಚಂದ್ರನ ಮೇಲೆ ಇಡಿ. ಅಲ್ಲಿ ಎಳೆತ ಸುಮಾರು ಆರನೇ ಒಂದು ಭಾಗ. ತಕ್ಕಡಿಯಲ್ಲಿ ಒಂದು ಕಡೆ ಬೆಲ್ಲ, ಇನ್ನೊಂದು ಕಡೆ 10 ಕೆ.ಜಿ. ಕಲ್ಲು ಇಟ್ರೆ ಅಲ್ಲೂ ಸಮನಾಗೇ ನಿಲ್ಲುತ್ತೆ, ಯಾಕಂದ್ರೆ ಎರಡೂ ಕಡೆ ಎಳೆತ ಒಂದೇ ಸಮ ಕಮ್ಮಿಯಾಗಿದೆ. ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದ್ರೆ ಮುಳ್ಳು ಎರಡು ಕೆ.ಜಿ.ಗೂ ಹೋಗಲ್ಲ. ಇದನ್ನ ನೋಟ್ಸ್ ನೋಡದೆ ಪಕ್ಕದಲ್ಲಿರೋರಿಗೆ ಹೇಳೋಕೆ ಬಂದ್ರೆ ಬಲಗಡೆ ಬರೆದದ್ದು ಸರಿಯಾಗಿದೆ. ತಡವರಿಸಿದ್ರೆ ಬೇರೆ ಉದಾಹರಣೆ ಹಾಕಿ ಮತ್ತೆ ಬರೀರಿ.

ಆದ್ರೆ ಉತ್ತರ ಬರೆಯೋದು ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಚೆನ್ನಾಗಿ ತಿಳಿದೋರೂ ಇಲ್ಲೇ ಸಿಕ್ಕಿಹಾಕಿಕೊಳ್ಳೋದು. ವಿಷಯ ಗೊತ್ತು, ವಾಕ್ಯ ಬರಲ್ಲ. ಹಾಗಾಗಿ ಹಾಳೆ ಕೆಳಗೆ ಎರಡು ಸಾಲು ಜಾಗ ಉಳಿಸಿ, ಡೆಫನಿಷನ್ನನ್ನ ಇಂಗ್ಲಿಷ್‌ನಲ್ಲಿ ನೀವೇ ಬರೀರಿ, ಆಮೇಲೆ ಪಠ್ಯಪುಸ್ತಕದ ಜೊತೆ ಹೋಲಿಸಿ. ರಿವಿಷನ್ ದಿನ ಬಲಗಡೆಯನ್ನ ಕೈಯಲ್ಲಿ ಮುಚ್ಚಿಕೊಂಡು ಎಡಗಡೆ ಟರ್ಮ್ ನೋಡಿ ಕನ್ನಡದಲ್ಲಿ ಹೇಳಿ. ಮುಂದಿನ ಸುತ್ತಲ್ಲಿ ಎಡಗಡೆಯನ್ನೂ ಕೆಳಗಿನ ಸಾಲನ್ನೂ ಮುಚ್ಚಿ, ಕನ್ನಡ ಓದಿಕೊಂಡು ಇಂಗ್ಲಿಷ್ ಸಾಲು ಬರೆದು ನೋಡಿ.